ನರೆತ ಕಪ್ಪು ಕೂದಲಿಗೆ ಬಣ್ಣ: ಕೆಂಚಾಗದ ಹಾಗೆ ಶೇಡ್ ಆರಿಸೋದು ಹೇಗೆ?

ಸಂಪಿಗೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಹುಟ್ಟಿನಿಂದ ಕಡುಗಪ್ಪು ಕೂದಲು, ಭುಜದ ಕೆಳಗೆ ನಾಲ್ಕು ಬೆರಳು ಉದ್ದ. ಈಗ ಬೈತಲೆಯ ಎರಡೂ ಪಕ್ಕ ಮತ್ತು ಕಿವಿಯ ಮುಂದೆ ಸುಮಾರು ಮೂರರಲ್ಲೊಂದು ಎಳೆ ಬೆಳ್ಳಗಾಗಿದೆ. ಹಿಂದುಗಡೆ ಅಷ್ಟಿಲ್ಲ.

ಒಂದೂವರೆ ವರ್ಷದಿಂದ ಅಂಗಡಿಯಲ್ಲಿ ಸಿಗುವ ಡಬ್ಬಿ ತಂದು ಮನೆಯಲ್ಲೇ ಹಚ್ಚಿಕೊಳ್ಳುತ್ತಿದ್ದೇನೆ. ನಂಬರ್ 5.3, ಗೋಲ್ಡನ್ ಬ್ರೌನ್. ತಿಂಗಳಿಗೊಮ್ಮೆ, ಬುಡದಿಂದ ತುದಿಯವರೆಗೂ. ಹಚ್ಚಿದ ವಾರ ಚೆನ್ನಾಗಿರುತ್ತದೆ. ಮೂರನೇ ವಾರಕ್ಕೆ ತಲೆಯೆಲ್ಲ ಕೆಂಚಾಗಿ, ಬಿಸಿಲಿಗೆ ಬಂದರೆ ಹಳೇ ತಾಮ್ರದ ತಂಬಿಗೆ ಬಣ್ಣ. ಅದಕ್ಕಿಂತ ಬೇಸರ ಮುಖದ್ದು. ನನ್ನದು ಗೋಧಿ ಬಣ್ಣ, ಸ್ವಲ್ಪ ಹಳದಿ ಛಾಯೆ, ಎರಡೂ ಕೆನ್ನೆಯ ಮೇಲೆ ಬಂಗು ಇದೆ. ಕೂದಲು ಕೆಂಚಾದಾಗ ಮುಖ ಕಾಮಾಲೆ ಬಂದವರ ಹಾಗೆ ಕಾಣುತ್ತದೆ, ಬಂಗು ಎರಡು ಪಟ್ಟು ಎದ್ದು ತೋರುತ್ತದೆ. ಇನ್ನೆರಡು ತಿಂಗಳಲ್ಲಿ ಅಣ್ಣನ ಮಗಳ ಮದುವೆ. ಪೂರ್ತಿ ಕಪ್ಪು ಬೇಡ, ಕಂದೇ ಇರಲಿ, ಆದರೆ ಈ ಕೆಂಪು ಬಾರದ ಕಂದು ಯಾವುದು? ಡಬ್ಬಿಯ ಮೇಲಿನ ಚಿತ್ರ ನೋಡಿ ಆರಿಸಿ ಮೋಸ ಹೋಗಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಕಡಲಹಕ್ಕಿ (ಉಡುಪಿ)

ಅಕ್ಕ, ನೇರಳೆ ಶಾಂಪೂ ತಗೊಳ್ಳಿ, ಪರ್ಪಲ್ ಶಾಂಪೂ ಅಂತ ಕೇಳಿದರೆ ಕೊಡ್ತಾರೆ. ವಾರಕ್ಕೆರಡು ಸಲ ಹಾಕಿದರೆ ಕೆಂಪು ಹೋಗ್ತದೆ. ಮತ್ತೆ ಮುಂದಿನ ಸಲ ಅಮೋನಿಯಾ ಇಲ್ಲದ ಡೈ ತಗೊಳ್ಳಿ. ಕೂದಲು ಕೆಂಚಾಗುವುದೇ ಅಮೋನಿಯಾದಿಂದ. ನಾನು ಆಫೀಸಿನ ಗೆಳತಿಗೆ ಹಾಗೇ ಹೇಳಿದ್ದು, ಅವಳಿಗೆ ಸರಿಯಾಯ್ತು.

ಬಾಚಣಿಗೆ (ಮೈಸೂರು)

ಸಂಪಿಗೆ ಅವರೇ, ನಾನು ಹತ್ತೊಂಬತ್ತು ವರ್ಷ ಪಾರ್ಲರ್ ನಡೆಸಿದವಳು. ಶೇಡ್ ಹೇಳುವ ಮೊದಲು ಒಂದು ಕೆಲಸ ಮಾಡಿ. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಕಿಟಕಿ ಪಕ್ಕ ನಿಂತು, ಟ್ಯೂಬ್‌ಲೈಟ್ ಆರಿಸಿ, ಕಿವಿ ಮುಂದಿನ ಒಂದು ಸಣ್ಣ ಗೊಂಚಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಆಮೇಲೆ ಕತ್ತಿನ ಹಿಂದೆ ಒಳಪದರದಿಂದ ಇನ್ನೊಂದು ಗೊಂಚಲು, ಕೊನೆಗೆ ತುದಿ.

ನನಗೆ ತಿಳಿಯಬೇಕಾದದ್ದು ಇಷ್ಟೇ: ಕೆಂಚಾಗಿರುವುದು ಮೊದಲು ಬಿಳಿ ಇದ್ದ ಎಳೆಗಳೋ, ಕಪ್ಪಿದ್ದ ಎಳೆಗಳೋ? ಬುಡ ಜಾಸ್ತಿಯೋ, ತುದಿ ಜಾಸ್ತಿಯೋ? ಮೇಲ್ಪದರ ಮಾತ್ರವೋ, ಒಳಗೂ ಇದೆಯೋ? ಮತ್ತೆ ನೀರು ಯಾವುದು, ಕಾರ್ಪೊರೇಷನ್ನಿನದೋ ಬೋರ್‌ವೆಲ್ಲೋ? ಕೆಂಚು ಒಂದೇ ಥರ ಕಂಡರೂ ಬರುವ ದಾರಿ ನಾಲ್ಕೈದಿವೆ. ದಾರಿ ಗೊತ್ತಿಲ್ಲದೆ ಶೇಡ್ ಹೇಳಿದರೆ ಮತ್ತೆ ಡಬ್ಬಿ ಚಿತ್ರ ನೋಡಿ ಆರಿಸಿದ ಹಾಗೇ ಆಗುತ್ತದೆ.

ಪೇಡೆಪ್ರಿಯ (ಧಾರವಾಡ)

ಅಕ್ಕಾರ, ನಮಸ್ಕಾರ. ನನಗ 29 ವಯಸ್ಸು, ಈಗಾಗ್ಲೇ ಕಿವಿ ಹತ್ರ ಬೆಳ್ಳಗ ಆಗ್ಯಾವ. ಬಿಳಿ ಕೂದ್ಲ ಮತ್ತ ಕರಿ ಮಾಡೂ ಎಣ್ಣಿ ಯಾವ್ದರೆ ಐತೇನ್ರಿ? ನಮ್ಮ ಅಜ್ಜಿ ಕರಿಬೇವು ಹಾಕಿ ಕಾಸಿದ ಕೊಬ್ರಿ ಎಣ್ಣಿ ಹಚ್ಚು ಅಂತಾಳ. ಆರ್ ತಿಂಗ್ಳಾತು.

ಬಾಚಣಿಗೆ

ತಮ್ಮಾ, ಇಲ್ಲಿ ಕೇಳುತ್ತಿರುವುದು ಬಣ್ಣ ಹಚ್ಚುವ ವಿಷಯ. ಆದರೂ ಹೇಳುತ್ತೇನೆ. ಅಜ್ಜಿ ಎಣ್ಣೆ ಹಚ್ಚು, ಕೂದಲು ನಯವಾಗುತ್ತದೆ. ಬುಡದಿಂದ ಹೊರಗೆ ಬಂದ ಎಳೆ ಬೆಳ್ಳಗಿದ್ದರೆ ಯಾವ ಎಣ್ಣೆಯಿಂದಲೂ ಕಪ್ಪಾಗುವುದಿಲ್ಲ. ಮೂವತ್ತರ ಒಳಗೆ ಬೇಗಬೇಗ ನರೆಯುತ್ತಿದ್ದರೆ ಒಮ್ಮೆ ಚರ್ಮದ ಡಾಕ್ಟರ ಹತ್ತಿರ ಹೋಗು, ಬಿ12, ಥೈರಾಯ್ಡ್ ನೋಡಿಸುತ್ತಾರೆ.

ಸಂಪಿಗೆ

ನೋಡಿದೆ ಅಕ್ಕ. ಕಿವಿ ಮುಂದೆ ಬಿಳಿ ಇದ್ದ ಎಳೆಗಳು ಹೊಂಬಣ್ಣಕ್ಕಿವೆ, ಒಣಗಿದ ಜೋಳದ ಕೂದಲಿನ ಹಾಗೆ. ಆದರೆ ನಿಜವಾಗಿ ಕಿತ್ತಳೆ-ಕೆಂಪು ಇರುವುದು ಕಪ್ಪಿದ್ದ ಎಳೆಗಳು. ಇದು ನನಗೇ ಆಶ್ಚರ್ಯ, ಬಿಳಿ ಕೂದಲೇ ಕೆಂಚಾಗಿದೆ ಅಂದುಕೊಂಡಿದ್ದೆ. ಹೊಸದಾಗಿ ಬಂದ ಅರ್ಧ ಇಂಚು ಕಪ್ಪಗಿದೆ. ಅಲ್ಲಿಂದ ಕೆಳಗೆ ಹೋದಷ್ಟೂ ಕೆಂಪು ಜಾಸ್ತಿ. ಒಳಪದರದಲ್ಲೂ ಇದೆ, ಮೇಲೆ ಇನ್ನಷ್ಟು. ನೀರು ನಲ್ಲಿಯದು, ನೊರೆ ಚೆನ್ನಾಗಿ ಬರುತ್ತದೆ.

ಬಾಚಣಿಗೆ

ಹಾಗಾದರೆ ವಿಷಯ ಸ್ಪಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಿಸಬೇಡಿ.

ಆ ಕೆಂಪು ಡೈ ಒಳಗಿಂದ ಬಂದದ್ದಲ್ಲ, ಬಹುಪಾಲು ನಿಮ್ಮ ಕೂದಲೊಳಗೇ ಇದ್ದದ್ದು. ನಮ್ಮ ಕಪ್ಪು ಕೂದಲಿನ ಬಣ್ಣವನ್ನು ಪೆರಾಕ್ಸೈಡ್ ಸ್ವಲ್ಪ ಕರಗಿಸಿದರೆ ಮೊದಲು ಕಾಣುವುದು ಕೆಂಪು, ಇನ್ನೂ ಕರಗಿಸಿದರೆ ಕಿತ್ತಳೆ, ಆಮೇಲೆ ಹಳದಿ. ಡೈ ಜೊತೆ ಕಲಸುವ ಡೆವಲಪರ್ ಅಂದರೆ ಪೆರಾಕ್ಸೈಡೇ. ನಂಬರಿನಲ್ಲಿ ಚುಕ್ಕಿಯ ಮುಂಚಿನ ಅಂಕಿ ಎಷ್ಟು ತಿಳಿ ಅನ್ನುವುದನ್ನು ಹೇಳುತ್ತದೆ. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. ನಿಮ್ಮ ಹುಟ್ಟುಬಣ್ಣ 2ರ ಹತ್ತಿರ ಇರುತ್ತದೆ. ಅದರ ಮೇಲೆ 5 ಹಾಕಿದ್ದೀರಿ. 5ಕ್ಕೆ ಹೋಗಲು ಅದು ನಿಮ್ಮ ಕಪ್ಪನ್ನು ಎತ್ತುತ್ತದೆ, ಅಂದರೆ ಕರಗಿಸಿ ತಿಳಿ ಮಾಡುತ್ತದೆ. ಪೂರ್ತಿ 5ರವರೆಗೂ ಹೋಗುವುದಿಲ್ಲ, ನಡುವೆ ಕೆಂಪಿನಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ಚುಕ್ಕಿಯ ನಂತರದ 3 ಅಂದರೆ ಗೋಲ್ಡನ್. ಕೆಂಪಿನ ಮೇಲೆ ಹೊನ್ನು ಸುರಿದ ಹಾಗಾಯಿತು.

ಮೊದಲ ವಾರ ಡೈಯ ಕಂದು ಇದನ್ನು ಮುಚ್ಚಿರುತ್ತದೆ. ತೊಳೆದು ತೊಳೆದು ಡೈ ತೆಳುವಾದಾಗ ಕೆಳಗಿನ ಎತ್ತಿದ ಕೂದಲು ಕಾಣುತ್ತದೆ. ನೀವು ತಿಂಗಳಿಗೊಮ್ಮೆ ತುದಿಯವರೆಗೂ ಹಚ್ಚಿದ್ದರಿಂದ ತುದಿಗೆ ಹದಿನೆಂಟು ಸಲ ಪೆರಾಕ್ಸೈಡ್ ಬಿದ್ದಿದೆ. ಕೆಳಗೆ ಹೋದಷ್ಟೂ ಕೆಂಪು ಅಂದಿರಲ್ಲ, ಅದೇ ಕಾರಣ.

ಡಬ್ಬಿಯ ಮುಂದಿನ ಚಿತ್ರ ನಮ್ಮಂಥ ಕೂದಲಿನದ್ದಲ್ಲ. ಹಿಂದೆ ಅಥವಾ ಪಕ್ಕದಲ್ಲಿ ಸಣ್ಣದಾಗಿ, ಇಂಥ ಬಣ್ಣದ ಕೂದಲ ಮೇಲೆ ಹಚ್ಚಿದರೆ ಇಂಥ ಬಣ್ಣ ಬರುತ್ತದೆ ಅಂತ ಎರಡು ಮೂರು ಚೌಕ ಇರುತ್ತವೆ. ಅದರಲ್ಲಿ ಅತಿ ಕಪ್ಪಿನ ಚೌಕ ನೋಡಬೇಕು. ಅದೂ ಬಿಳಿ ಎಳೆಗೆ ಅನ್ವಯಿಸುವುದಿಲ್ಲ, ಬಿಳಿ ಎಳೆ ಆ ಚೌಕಕ್ಕಿಂತ ತುಂಬ ತಿಳಿಯಾಗುತ್ತದೆ.

ಕಡಲಹಕ್ಕಿ, ನೀನು ಹೇಳಿದ್ದರಲ್ಲಿ ಅರ್ಧ ಸರಿ ಇದೆ ಕಂದಾ. ನೇರಳೆ ಹಳದಿಯನ್ನು ಅಡಗಿಸುತ್ತದೆ. ಬ್ಲೀಚ್ ಮಾಡಿದ ಹೊಂಗೂದಲಿನವರಿಗೆ, ಪೂರ್ತಿ ಬೆಳ್ಳಿ ಕೂದಲಿನವರಿಗೆ ಅದು ಒಳ್ಳೆಯದು. ಕಿತ್ತಳೆಯನ್ನು ಅಡಗಿಸುವುದು ನೀಲಿ. ಬ್ಲೂ ಶಾಂಪೂ ಅಂತಲೇ ಬೇರೆ ಸಿಗುತ್ತದೆ. ಅದೂ ಒಂದೆರಡು ತೊಳೆತಕ್ಕೆ ಮೇಲ್ಮೇಲೆ ಮುಚ್ಚುತ್ತದೆ ಅಷ್ಟೇ, ಒಳಗಿನ ಕೆಂಪು ಹಾಗೇ ಇರುತ್ತದೆ. ಅಮೋನಿಯಾ ಇಲ್ಲದ ಡೈಯಲ್ಲೂ ಅದರ ಕೆಲಸ ಮಾಡುವ ಬೇರೆ ವಸ್ತು ಇರುತ್ತದೆ, ಪೆರಾಕ್ಸೈಡಂತೂ ಇದ್ದೇ ಇರುತ್ತದೆ. ವಾಸನೆ ಕಡಿಮೆ, ಎತ್ತುವುದೂ ಸ್ವಲ್ಪ ಕಡಿಮೆ ಇರಬಹುದು. ಆದರೆ 5.3 ಅಂತ ಬರೆದಿದ್ದರೆ ಅಮೋನಿಯಾ ಇಲ್ಲದಿದ್ದರೂ ಕಪ್ಪು ಕೂದಲನ್ನು ಬೆಚ್ಚಗಿನ ಬಣ್ಣಕ್ಕೇ ಒಯ್ಯುತ್ತದೆ.

ಕಡಲಹಕ್ಕಿ

ಓ ಹೌದಾ. ಗೆಳತಿ ಹೈಲೈಟ್ ಮಾಡಿಸಿದವಳು, ಅದಕ್ಕೇ ಅವಳಿಗೆ ನೇರಳೆ ಆಗಿದ್ದು ಅಂತ ಈಗ ಅರ್ಥ ಆಯ್ತು. ಹಾಗಾದರೆ ಅಕ್ಕ ಯಾವ ನಂಬರ್ ಹಾಕಬೇಕು? 5.1 ಆದೀತಾ? 1 ಅಂದರೆ ಆ್ಯಶ್ ಅಲ್ವಾ, ಕೆಂಪು ಕಡಿಮೆ ಮಾಡುವಂಥದ್ದು?

ಬಾಚಣಿಗೆ

ಹೌದು, ಬಹುತೇಕ ಕಂಪನಿಗಳಲ್ಲಿ .1 ಅಂದರೆ ಆ್ಯಶ್, ಅದರಲ್ಲಿ ನೀಲಿ ಛಾಯೆ ಇರುತ್ತದೆ. .3 ಹೊನ್ನು, .4 ತಾಮ್ರ. ಕೆಲವು ಕಂಪನಿಗಳ ಲೆಕ್ಕ ಬೇರೆ, ಅದಕ್ಕೆ ಅಂಗಡಿಯಲ್ಲಿ ಶೇಡ್ ಕಾರ್ಡ್ ಕೇಳಿ ನೋಡಬೇಕು. ಆದರೆ 5.1 ಎರಡು ಕಾರಣಕ್ಕೆ ಬೇಡ. ಒಂದು, 5 ಅನ್ನುವುದೇ ಕಪ್ಪನ್ನು ಎತ್ತುತ್ತದೆ, ಆ್ಯಶ್ ತೊಳೆದುಹೋದ ಮೇಲೆ ಅದೇ ಕೆಂಚು. ಎರಡು, ಬರೀ ಆ್ಯಶ್ ಬಿಳಿ ಎಳೆಯನ್ನು ಸರಿಯಾಗಿ ಮುಚ್ಚುವುದಿಲ್ಲ. ಬಿಳಿ ಎಳೆಯಲ್ಲಿ ಅಡಗಿಸಲು ಕೆಂಪೇ ಇಲ್ಲವಲ್ಲ. ನೀಲಿ ಹಾಗೇ ಉಳಿದು ಕಿವಿ ಮುಂದೆ ಬೂದಿ ಬಳಿದ ಹಾಗೆ, ಕೆಲವರಿಗೆ ಸ್ವಲ್ಪ ಹಸಿರಾಗಿ ಕಾಣುತ್ತದೆ. ನರೆ ಮುಚ್ಚಲು .0 ಅಂದರೆ ನ್ಯಾಚುರಲ್ ಬೇಕೇ ಬೇಕು. ಆ್ಯಶ್ ಅದರ ಜೊತೆಗೆ ಸೇರಬೇಕು, ಸಾರಿಗೆ ಹುಳಿ ಹಿಂಡಿದ ಹಾಗೆ.

ಗೋರಂಟಿ (ಹಾಸನ)

ಇಷ್ಟೆಲ್ಲ ಕೆಮಿಕಲ್ ಯಾಕೆ? ನಾನು ಹನ್ನೆರಡು ವರ್ಷದಿಂದ ಮೆಹೆಂದಿ ಮತ್ತು ಇಂಡಿಗೋ ಪುಡಿ ಬಿಟ್ಟು ಬೇರೆ ಹಚ್ಚಿಲ್ಲ. ಮೆಹೆಂದಿ ಒಂದೇ ಹಚ್ಚಿದರೆ ಬಿಳಿ ಕೂದಲು ಕಿತ್ತಳೆ ಆಗುತ್ತದೆ, ಅದು ನಿಜ. ಟೀ ಡಿಕಾಕ್ಷನ್, ಬೀಟ್‌ರೂಟ್, ಕಬ್ಬಿಣದ ಬಾಣಲೆ, ಏನು ಹಾಕಿದರೂ ಬಿಳಿ ಕೂದಲ ಮೇಲೆ ಕಿತ್ತಳೆ ಕಿತ್ತಳೆಯೇ, ಸ್ವಲ್ಪ ಗಾಢ ಅಷ್ಟೇ. ಅದಕ್ಕೇ ಎರಡು ಹಂತ. ಮೊದಲು ಮೆಹೆಂದಿ ಎರಡು ಗಂಟೆ ಇಟ್ಟು, ಶಾಂಪೂ ಇಲ್ಲದೆ ತೊಳೆದು, ಆಮೇಲೆ ಇಂಡಿಗೋ. ಇಂಡಿಗೋ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲಿ ಹಚ್ಚಬೇಕು, ಮೆಹೆಂದಿ ಹಾಗೆ ರಾತ್ರಿ ನೆನೆಸಿದರೆ ಸತ್ತುಹೋಗುತ್ತದೆ. ಒಂದು ಗಂಟೆ ಇಟ್ಟರೆ ಕಂದುಗಪ್ಪು. ತೊಳೆದ ದಿನ ಹಸಿರು ಛಾಯೆ ಕಾಣುತ್ತದೆ, ಗಾಬರಿ ಬೇಡ, ಎರಡು ದಿನದಲ್ಲಿ ಬಣ್ಣ ಏರುತ್ತದೆ. ಕಪ್ಪು ಎಳೆಯನ್ನು ಇದು ಎತ್ತುವುದೇ ಇಲ್ಲ, ಹಾಗಾಗಿ ನೀವು ಹೇಳುವ ಕೆಂಚು ಬರುವ ಪ್ರಶ್ನೆಯೇ ಇಲ್ಲ.

ಬಾಚಣಿಗೆ

ಗೋರಂಟಿ ಅವರೇ, ನೀವು ಹೇಳಿದ್ದು ಅಚ್ಚುಕಟ್ಟಾಗಿದೆ, ಇಂಡಿಗೋ ವಿಷಯ ಇಷ್ಟು ಸರಿಯಾಗಿ ಹೇಳುವವರು ಕಡಿಮೆ. ಸಮಯ ಇರುವವರಿಗೆ ಇದು ಒಳ್ಳೆಯ ದಾರಿ. ನಾನು ಸೇರಿಸುವುದು ಒಂದೇ. ಇಂಡಿಗೋ ಹಚ್ಚಿದ ಕೂದಲಿಗೆ ಮುಂದೆ ಯಾರಾದರೂ ಬ್ಲೀಚ್ ಹಾಕಿದರೆ ಹಸಿರಾಗಬಹುದು, ತೆಗೆಯುವುದು ಕಷ್ಟ. ಇನ್ನು ಪೇಟೆಯಲ್ಲಿ ಕಪ್ಪು ಮೆಹೆಂದಿ ಅಂತ ಪುಡಿ ಬರುತ್ತದಲ್ಲ, ಅದು ಮೆಹೆಂದಿಯ ಹೆಸರಲ್ಲಿ ಡೈಯೇ. ಅರ್ಧ ಗಂಟೆಯಲ್ಲಿ ಕಡುಗಪ್ಪು ಆಗುತ್ತದೆ ಅಂದರೆ ಅದರಲ್ಲಿ ಪಿಪಿಡಿ ಅನ್ನುವ ಡೈ ಕೆಮಿಕಲ್ ಇದೆ ಅಂತಲೇ ತಿಳಿಯಬೇಕು.

ಸಂಪಿಗೆ ಅವರೇ, ನಿಮ್ಮ ತುದಿ ಈಗಾಗಲೇ ಎದ್ದಿದೆ. ಅದರ ಮೇಲೆ ಮೆಹೆಂದಿ ಬಿದ್ದರೆ ಇನ್ನಷ್ಟು ಕೆಂಪು, ಆಮೇಲೆ ಇಂಡಿಗೋ ಎಷ್ಟು ಕೂತೀತು ಅನ್ನುವುದು ಗೊಂಚಲು ನೋಡಿಯೇ ಹೇಳಬೇಕು. ಮದುವೆಗೆ ಮುಂಚೆ ಆ ದಾರಿ ಬೇಡ.

ಗೋರಂಟಿ

ಗೊಂಚಲು ನೋಡಿ ಹಚ್ಚಲಿ, ಒಪ್ಪುತ್ತೇನೆ. ಆದರೆ ಡೈ ಹಚ್ಚಿದ ಕೂದಲಿಗೆ ಇಂಡಿಗೋ ಕೂರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ತಂಗಿಗೆ ಕೂತಿದೆ.

ತೇಜಸ್ (ವೈಟ್‌ಫೀಲ್ಡ್)

ನನ್ನದು ಗಂಡಸಿನ ತಲೆ, ಆದರೂ ಕೇಳುತ್ತೇನೆ. ನಾನು ಹಚ್ಚುವುದು 3 ನಂಬರ್, ಡಾರ್ಕ್ ಬ್ರೌನ್. ಎತ್ತುವ ಮಾತೇ ಇಲ್ಲ. ಆದರೂ ಕೆಂಚಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೋರ್ ಮತ್ತು ಟ್ಯಾಂಕರ್ ನೀರು. ಊರಿಗೆ, ಶೃಂಗೇರಿ ಕಡೆಗೆ, ಹೋಗಿ ಹದಿನೈದು ದಿನ ಇದ್ದರೆ ಬಣ್ಣ ಹಾಗೇ ನಿಲ್ಲುತ್ತದೆ.

ಬಾಚಣಿಗೆ

ತೇಜಸ್, ನಿಮ್ಮ ಬಾತ್‌ರೂಮಿನ ಬಿಳಿ ಬಕೆಟ್ಟಿನ ಒಳಗೆ, ನಲ್ಲಿ ಕೆಳಗೆ ಕಂದು ಕಲೆ ಕೂತಿದೆಯೇ ನೋಡಿ. ಇದ್ದರೆ ನೀರಿನಲ್ಲಿ ಕಬ್ಬಿಣ ಇದೆ. ಅದು ಕೂದಲ ಮೇಲೂ ಹಾಗೇ ಕೂರುತ್ತದೆ, ಮೊದಲು ಹಿಡಿಯುವುದು ಬಿಳಿ ಎಳೆಗಳನ್ನು. ನಿಮ್ಮ ಗೊಂಚಲಿನಲ್ಲಿ ಬಿಳಿ ಇದ್ದ ಎಳೆಗಳೇ ಕಿತ್ತಳೆಯಾಗಿದ್ದು, ಕಪ್ಪು ಎಳೆ ಕಪ್ಪಗೇ ಇದ್ದು, ಕೂದಲು ಕಡ್ಡಿ ಹಾಗೆ ಒರಟಾಗಿದ್ದರೆ ಅದು ನೀರಿನ ಕೆಲಸ. ಅದಕ್ಕೆ ಶೇಡ್ ಬದಲಿಸಿ ಪ್ರಯೋಜನವಿಲ್ಲ. ಹಾರ್ಡ್ ವಾಟರಿಗೆ ಅಂತಲೇ ಬರುವ ಶಾಂಪೂ ಹದಿನೈದು ದಿನಕ್ಕೊಮ್ಮೆ ಹಾಕಿ, ಡೈ ಹಚ್ಚುವ ಹಿಂದಿನ ದಿನ ತಪ್ಪದೆ. ಕೊನೆಯ ಎರಡು ಚೊಂಬು ನೀರು ಆರ್‌ಒ ಯಂತ್ರದ್ದು ಸುರಿದುಕೊಳ್ಳಿ. ಗಂಡಸರ ಸಣ್ಣ ಕೂದಲಿಗೆ ಅಷ್ಟು ಸಾಕು.

ತೇಜಸ್

ಬಕೆಟ್ ನೋಡಿದೆ. ಕಂದು ಪಟ್ಟಿ ಇದೆ. ಬಿಳಿ ಎಳೆಗಳೇ ಕಿತ್ತಳೆ. ಧನ್ಯವಾದ ಮೇಡಂ.

ಮಲ್ಲಿಗೆಹೂ (ಬಳ್ಳಾರಿ)

ಒಂದು ಮಾತು ಕೇಳ್ತೀನಿ. ಎಲ್ಲರೂ ಕೆಂಚು ಅಂದರೆ ಕೆಟ್ಟದ್ದು ಅನ್ನೋ ಹಾಗೆ ಮಾತಾಡ್ತಿದ್ದೀರಿ. ನನ್ನದು ಕಪ್ಪು ಮೈಬಣ್ಣ. ನಾನು ತಾಮ್ರದ ಶೇಡನ್ನೇ ಬೇಕು ಅಂತ ಹಾಕಿಸಿಕೊಂಡಿದ್ದೀನಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ಹಳದಿ ಛಾಯೆ ಇರೋರಿಗೆ ಇಂಥದ್ದು, ಕಪ್ಪು ಇರೋರಿಗೆ ಇಂಥದ್ದು ಅಂತ ನಿಯಮ ಇದೆಯಾ?

ಬಾಚಣಿಗೆ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಬೇಕೆಂದು ಹಾಕಿಸಿದ ತಾಮ್ರ ಬೇರೆ, ತೊಳೆದು ಹೋಗಿ ಉಳಿದ ಕಿತ್ತಳೆ ಬೇರೆ. ಮೊದಲನೆಯದು ತುಂಬಿದ ಬಣ್ಣ, ಹೊಳಪಿರುತ್ತದೆ. ಎರಡನೆಯದು ತೆಳು, ಮಂಕು, ಒಂದೊಂದು ಕಡೆ ಒಂದೊಂದು ಥರ. ಕಪ್ಪು ಮೈಬಣ್ಣಕ್ಕೆ ಗಾಢ ತಾಮ್ರ, ಬರ್ಗಂಡಿ ಎರಡೂ ಒಪ್ಪುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಯಮ ಅಂತ ಹೇಳಲಾರೆ. ಮುಂಗೈ ನರ ಹಸಿರೋ ನೀಲಿಯೋ ನೋಡು ಅನ್ನುತ್ತಾರೆ, ನಮ್ಮ ಮೈಬಣ್ಣದಲ್ಲಿ ಬಹಳ ಜನಕ್ಕೆ ಎರಡೂ ಸರಿಯಾಗಿ ಕಾಣುವುದಿಲ್ಲ. ನಾನು ಪಾರ್ಲರಿಗೆ ಬಂದವರನ್ನು ಕೇಳುತ್ತಿದ್ದುದು ಸೀರೆ ವಿಷಯ. ಇಟ್ಟಿಗೆ ಬಣ್ಣ, ಸಾಸಿವೆ ಬಣ್ಣದ ಸೀರೆ ಉಟ್ಟ ದಿನ ಮುಖ ಬೆಳಗುತ್ತದೋ, ಹುಷಾರಿಲ್ಲವೇ ಅಂತ ಜನ ಕೇಳುತ್ತಾರೋ? ಬದನೆಕಾಯಿ ಬಣ್ಣ, ನೀಲಿ, ಬೂದು ಉಟ್ಟ ದಿನ ಹೇಗೆ? ಬೀರುವಿನಿಂದ ಎರಡು ಸೀರೆ ತೆಗೆದು, ಮೇಕಪ್ ಇಲ್ಲದೆ, ಕಿಟಕಿ ಬೆಳಕಲ್ಲಿ ಒಂದೊಂದನ್ನೇ ಗಲ್ಲದ ಕೆಳಗೆ ಹಿಡಿದರೆ ಸಾಕು. ಕಣ್ಣ ಕೆಳಗಿನ ಕಪ್ಪು ಮತ್ತು ಬಂಗನ್ನೇ ನೋಡಿ. ಯಾವ ಬಣ್ಣ ಹಿಡಿದಾಗ ಅವು ಹಿಂದೆ ಸರಿದ ಹಾಗೆ ಕಾಣುತ್ತವೋ ಆ ಗುಂಪಿನ ಕೂದಲು ಬಣ್ಣ ನಿಮಗೆ ಒಪ್ಪುತ್ತದೆ. ಎಣ್ಣೆಗೆಂಪು ಬಣ್ಣದವರಿಗೆ ಇಟ್ಟಿಗೆಯೂ ಒಪ್ಪುತ್ತದೆ, ಗೋಧಿ ಬಣ್ಣದಲ್ಲಿ ಹಳದಿ ಇರುವವರಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಪ್ಪಿನಲ್ಲಿ ಕೆಂಪು ಛಾಯೆ ಇರುವವರೂ ಇದ್ದಾರೆ, ನೀಲಿ ಛಾಯೆ ಇರುವವರೂ ಇದ್ದಾರೆ.

ಸಂಪಿಗೆ

ಈಗಲೇ ಹಿಡಿದು ನೋಡಿದೆ. ಸಾಸಿವೆ ಬಣ್ಣದ ಇಳಕಲ್ ಹಿಡಿದರೆ ಬಂಗು ಕಣ್ಣಿಗೆ ಹೊಡೆಯುತ್ತದೆ. ಬದನೆಕಾಯಿ ಬಣ್ಣದ ಮೈಸೂರು ಸಿಲ್ಕ್ ಹಿಡಿದರೆ ಮುಖ ತಿಳಿಯಾಗಿದೆ. ಇಷ್ಟು ವ್ಯತ್ಯಾಸ ಇರುತ್ತದೆ ಅಂದುಕೊಂಡಿರಲಿಲ್ಲ. ಅಕ್ಕ, ಈಗ ನಂಬರ್ ಹೇಳಿ. ಅಳತೆಯನ್ನೂ ಹೇಳಿ.

ಬಾಚಣಿಗೆ

ಹೇಳುತ್ತೇನೆ. ಮೊದಲೇ ಒಂದು ಮಾತು: ಡಬ್ಬಿ ಕಿಟ್ ಬೇಡ. ಅದರಲ್ಲಿ ಡೆವಲಪರ್ ಯಾವ ಶಕ್ತಿಯದೋ ಅದೇ, ಆರಿಸಲು ಬರುವುದಿಲ್ಲ. ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಟ್ಯೂಬ್ ಬೇರೆ, ಡೆವಲಪರ್ ಬೇರೆ ಸಿಗುತ್ತದೆ. ಒಂದೇ ಕಂಪನಿಯ 4.0 ಮತ್ತು 4.1 ಟ್ಯೂಬ್ ತನ್ನಿ. ಡೆವಲಪರ್ ಎರಡು, 20 ವಾಲ್ಯೂಮ್ ಮತ್ತು 10 ವಾಲ್ಯೂಮ್. 20 ಅಂದರೆ 6% ಪೆರಾಕ್ಸೈಡ್, 10 ಅಂದರೆ 3%. 30, 40 ಕೊಟ್ಟರೆ ತರಬೇಡಿ, ಅವು ಎತ್ತಲು ಇರುವಂಥವು.

4 ಯಾಕೆ ಅಂದರೆ ಅದು ನಿಮ್ಮ 2ಕ್ಕೆ ಹತ್ತಿರ. ಕಪ್ಪು ಎಳೆ ಹೆಚ್ಚು ಏಳುವುದಿಲ್ಲ. ಬಿಳಿ ಎಳೆ ಕಂದಾಗುತ್ತದೆ, ಮನೆಯೊಳಗೆ ಕಪ್ಪಾಗಿ ಕಂಡು ಬಿಸಿಲಿಗೆ ಕಂದು ಕಾಣುತ್ತದೆ. 3.0 ಇನ್ನೂ ನಿಶ್ಚಿಂತೆ, ಆದರೆ ನೀವು ಕಪ್ಪು ಬೇಡ ಅಂದಿರಿ. ಒಮ್ಮೆ 3 ಹಾಕಿ ಮನಸ್ಸು ಬದಲಾಯಿಸಿದರೆ ಮೇಲೆ 4 ಹಚ್ಚಿ ತಿಳಿ ಮಾಡಲು ಆಗುವುದಿಲ್ಲ, ಡೈ ಇನ್ನೊಂದು ಡೈಯನ್ನು ಎತ್ತುವುದಿಲ್ಲ.

ಬುಡಕ್ಕೆ: 20 ಗ್ರಾಂ 4.0, 10 ಗ್ರಾಂ 4.1, ಡೆವಲಪರ್ 20 ವಾಲ್ಯೂಮ್ 45 ಮಿ.ಲೀ. ಕೆಲವು ಕಂಪನಿಗಳಲ್ಲಿ ಒಂದಕ್ಕೆ ಒಂದರ ಅಳತೆ ಇರುತ್ತದೆ, ಆಗ 30 ಮಿ.ಲೀ. ಸಾಕು, ಟ್ಯೂಬಿನ ಚೀಟಿಯಲ್ಲಿ ಬರೆದಿರುತ್ತದೆ. ತೂಗುವುದಕ್ಕೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿ. ಹಿಂದಿನ ದಿನ ತಲೆ ತೊಳೆದಿರಬೇಕು, ಎಣ್ಣೆ ಇರಬಾರದು. ಮೊದಲು ಕಿವಿ ಮುಂದೆ ಮತ್ತು ಹಣೆಯ ಅಂಚು, ಆಮೇಲೆ ಬೈತಲೆ, ಕೊನೆಗೆ ಹಿಂದೆ. ಹೊಸ ಬುಡಕ್ಕೆ ಮಾತ್ರ.

ಇಪ್ಪತ್ತು ನಿಮಿಷ ಕಳೆದ ಮೇಲೆ ಉದ್ದಕ್ಕೆ ಬೇರೆ ಕಲಸಿ. ಅದೇ ಲೆಕ್ಕದಲ್ಲಿ ಎರಡು ಪಾಲು 4.0, ಒಂದು ಪಾಲು 4.1, ಆದರೆ ಡೆವಲಪರ್ 10 ವಾಲ್ಯೂಮ್. ಉದ್ದಕ್ಕೆ ಎತ್ತುವ ಕೆಲಸ ಬೇಡ, ತುಂಬುವ ಕೆಲಸ ಮಾತ್ರ. ಎದ್ದ ಕೂದಲು ಬಣ್ಣವನ್ನು ಬೇಗ ಕುಡಿಯುತ್ತದೆ. ಐದೈದು ನಿಮಿಷಕ್ಕೆ ಒಂದು ಎಳೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಹತ್ತರಿಂದ ಹದಿನೈದು ನಿಮಿಷದಲ್ಲಿ ಬುಡದ ಬಣ್ಣಕ್ಕೆ ಹೊಂದಿದ ಕೂಡಲೇ ತೊಳೆಯಿರಿ. ಒಟ್ಟು ಬುಡಕ್ಕೆ 35 ನಿಮಿಷ ಆಗಿರುತ್ತದೆ. ಮುಂದಿನ ತಿಂಗಳಿಂದ ಬುಡ ಮಾತ್ರ. ತುದಿ ಮುಟ್ಟಬೇಡಿ.

ಇದಕ್ಕೆಲ್ಲ ಮುಂಚೆ ಕತ್ತಿನ ಹಿಂದೆ ಒಳಗಿನ ಒಂದು ಗೊಂಚಲಿಗೆ ಹಚ್ಚಿ ನೋಡಿ. ಅದೇ ದಿನ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ 48 ಗಂಟೆ ಬಿಡಿ.

ನೀಲಿಕಣಗಿಲೆ (ಶಿವಮೊಗ್ಗ)

ಆ ಕೊನೆಯ ಸಾಲನ್ನು ಯಾರೂ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಾನು ಎಂಟು ವರ್ಷ ಒಂದೇ ಡೈ ಹಚ್ಚಿದ್ದೆ, ಏನೂ ಆಗಿರಲಿಲ್ಲ. ಒಂದು ಸಲ ಹಚ್ಚಿದ ಮಾರನೆಯ ದಿನ ಹಣೆ, ಕಣ್ಣುರೆಪ್ಪೆ ಊದಿ ಕಣ್ಣು ತೆರೆಯಲಾಗಲಿಲ್ಲ. ಪಿಪಿಡಿ ಅಲರ್ಜಿ ಅಂದರು ಡಾಕ್ಟರು. ಇಷ್ಟು ವರ್ಷ ಆಗದ್ದು ಈಗ ಹೇಗೆ ಅಂದರೆ, ಅದು ಯಾವಾಗ ಬೇಕಾದರೂ ಶುರುವಾಗಬಹುದಂತೆ, ಶುರುವಾದ ಮೇಲೆ ಹೋಗುವುದಿಲ್ಲವಂತೆ. ಮದುವೆ ಛತ್ರದಲ್ಲಿ ಕೈಗೆ ಹಾಕುವ ಕಪ್ಪು ಮೆಹೆಂದಿ ಡಿಸೈನಿನಿಂದ ಅಲರ್ಜಿ ಶುರುವಾದವರನ್ನೂ ನೋಡಿದ್ದೇನೆ ಅಂದರು. ಸಂಪಿಗೆ ಅವರೇ, ಹಿಂದೆ ಹಚ್ಚಿದಾಗ ತಲೆ ತುರಿಸಿತ್ತೇ?

ಸಂಪಿಗೆ

ತುರಿಸಿಲ್ಲ ಅಕ್ಕ. ಆದರೂ ಚುಕ್ಕಿ ಹಚ್ಚಿ ಎರಡು ದಿನ ಬಿಟ್ಟೇ ಮಾಡುತ್ತೇನೆ.

ಕತ್ತರಿ (ಹುಬ್ಬಳ್ಳಿ)

ನಾನೂ ಸಲೂನಿನಾವ. ಬಾಚಣಿಗೆ ಅಕ್ಕಾರ ಹೇಳಿದ್ದ ಬಹುಪಾಲು ಬರೋಬ್ಬರಿ. ಒಂದ್ ಮಾತಿಗೆ ನಂದು ತಕರಾರು. ಬುಡಕ್ಕೂ 10 ವಾಲ್ಯೂಮ್ ಹಾಕಿದ್ರ ಕರಿ ಎಳಿ ಒಟ್ಟ ಏಳೂದಿಲ್ಲ, ಕೆಂಚಿನ ಚಿಂತಿನ ಇಲ್ಲ. 20 ಹಾಕಿದ್ರ ಪ್ರತಿ ತಿಂಗ್ಳ ಬುಡದಾಗ ಸಣ್ಣಗ ಕೆಂಪ ಏಳತೈತಿ. ತಲಿ ಕಾವಿಗೆ ಬುಡದ ಅರ್ಧ ಇಂಚು ಮೊದ್ಲ ಬೇಗ ಏಳತೈತಿ. ನನ್ನ ಗಿರಾಕಿಗಳಿಗೆ ನಾ ಹತ್ತ ಹಾಕ್ತೀನಿ, 45 ನಿಮಿಷ ಬಿಡ್ತೀನಿ.

ಬಾಚಣಿಗೆ

ಕತ್ತರಿ ಅಣ್ಣಾ, ತಲೆಕಾವಿನ ಮಾತು ಸರಿ. ಆದರೆ ಕಿವಿ ಮುಂದಿನ ಬಿಳಿ ಎಳೆ ತಂತಿ ಥರ ಗಟ್ಟಿ ಇರುತ್ತದೆ. 10ರಲ್ಲಿ ಬಣ್ಣ ಒಳಗೆ ಇಳಿಯದೆ ಹತ್ತು ದಿನಕ್ಕೆ ಮತ್ತೆ ಬೆಳ್ಳಗೆ ಕಂಡಿದ್ದು ನನ್ನ ಅನುಭವ. ಮೂರನೇ ಒಂದು ಪಾಲು ನರೆ ಇರುವವರಿಗೆ ನಾನು 20ನ್ನೇ ಹೇಳುವುದು, ಸ್ವಲ್ಪ ಎದ್ದದ್ದನ್ನು ಆ ಒಂದು ಪಾಲು 4.1 ಅಡಗಿಸುತ್ತದೆ.

ಕತ್ತರಿ

ನರಿ ಮೆತ್ತಗಿದ್ರ 10, ಗಟ್ಟಿ ಇದ್ರ 20 ಅಂತ ಇಟ್ಕೊಳ್ಳೂಣು. ಅವ್ರ ಕೂದ್ಲ ಮುಟ್ಟಿ ನೋಡಿಲ್ಲ ನಾವಿಬ್ರೂ.

ಸಂಪಿಗೆ (ಐದು ವಾರದ ನಂತರ)

ಹಚ್ಚಿಕೊಂಡು ಸರಿಯಾಗಿ ನಾಲ್ಕು ವಾರ ಆಯಿತು, ಬರೆಯಲೇಬೇಕು ಅನ್ನಿಸಿತು. ಕಿವಿ ಹಿಂದಿನ ಚುಕ್ಕಿ ಏನೂ ಮಾಡಲಿಲ್ಲ. ಗೊಂಚಲಿನ ಪರೀಕ್ಷೆಯಿಂದ ನಿಜಕ್ಕೂ ಉಪಕಾರವಾಯಿತು. ಹದಿನೈದು ನಿಮಿಷಕ್ಕೆ ಆ ತುದಿ ಬುಡಕ್ಕಿಂತ ಕಪ್ಪಾಗಿಬಿಟ್ಟಿತ್ತು. ಅದಕ್ಕೇ ತಲೆಗೆಲ್ಲ ಹಚ್ಚಿದಾಗ ಉದ್ದಕ್ಕೆ ಎಂಟೇ ನಿಮಿಷ ಬಿಟ್ಟೆ.

ನಾಲ್ಕನೇ ವಾರದಲ್ಲೂ ಉದ್ದ ಕಂದೇ ಇದೆ. ಬಿಸಿಲಿಗೆ ನಿಂತರೆ ಕಾಫಿ ಬೀಜದ ಬಣ್ಣ, ತಾಮ್ರ ಇಲ್ಲ. ಮೊನ್ನೆ ಅತ್ತಿಗೆ, ಮುಖಕ್ಕೆ ಏನು ಹಚ್ಚುತ್ತಿದ್ದೀಯ, ಬಂಗು ಕಡಿಮೆಯಾಗಿದೆ ಅಂದರು. ಮುಖಕ್ಕೆ ಏನೂ ಹಚ್ಚಿಲ್ಲ. ಆ ಮಾತು ಕೇಳಿ ಕಣ್ಣು ತುಂಬಿತು.

ಆದರೆ ಬಲಗಡೆ ಕಿವಿ ಮುಂದೆ ಒಂದು ಬೆರಳಗಲ ಜಾಗದಲ್ಲಿ ಬಣ್ಣ ಸರಿಯಾಗಿ ಹಿಡಿದಿಲ್ಲ. ಎರಡನೇ ವಾರಕ್ಕೇ ತೆಳು ಹೊಂಬಣ್ಣವಾಗಿ ಈಗ ಬಿಳಿ ಇಣುಕುತ್ತಿದೆ. 20 ವಾಲ್ಯೂಮೇ ಹಾಕಿದ್ದೆ, ಮೊದಲು ಅಲ್ಲಿಗೇ ಹಚ್ಚಿದ್ದೆ. ಎಡಗಡೆ ಸರಿ ಇದೆ.

ಬಾಚಣಿಗೆ

ತುಂಬ ಸಂತೋಷವಾಯಿತು ತಾಯಿ. ಎಂಟು ನಿಮಿಷಕ್ಕೆ ನಿಲ್ಲಿಸಿದ್ದು ಸರಿ.

ಬಲಗಡೆಯ ಆ ಜಾಗಕ್ಕೆ ಮುಂದಿನ ಸಲ ಆ್ಯಶ್ ಬೇಡ. ಬರೀ 4.0, ಬೇಕಾದರೆ ಅದರಲ್ಲೇ ಸ್ವಲ್ಪ 3.0 ಬೆರೆಸಿ. ಕಲಸಿದ್ದನ್ನು ತೆಳುವಾಗಿ ಸವರದೆ ದಪ್ಪಗೆ ಕೂರಿಸಿ. ಬಲಗೈಯಲ್ಲಿ ಬಲಗಡೆ ಹಚ್ಚುವಾಗ ಬಹಳ ಜನಕ್ಕೆ ಬ್ರಷ್ ಎಳೆಯ ಮೇಲ್ಭಾಗವನ್ನಷ್ಟೇ ಸವರುತ್ತದೆ. ಗೊಂಚಲನ್ನು ಎತ್ತಿ ಒಳಗಿನಿಂದಲೂ ಹಚ್ಚಬೇಕು. ಹತ್ತಿ ಪಟ್ಟಿ ಮೇಲಿಟ್ಟರೆ ಬೇಗ ಒಣಗುವುದಿಲ್ಲ, ಒಣಗಿದ ಡೈ ಕೆಲಸ ನಿಲ್ಲಿಸುತ್ತದೆ. ಆ ಜಾಗಕ್ಕೆ ಮಾತ್ರ 45 ನಿಮಿಷ.

ಕತ್ತರಿ

ಅದಾ ಜಾಗಾಕ್ಕ ಬರೀ 20 ವಾಲ್ಯೂಮ್ ಡೆವಲಪರ್ ಹತ್ತಿಲೆ ಸವರಿ ಹತ್ತ ನಿಮಿಷ ಬಿಟ್ಟು, ಒರೆಸಿ, ಮ್ಯಾಲ ಡೈ ಹಚ್ರಿ. ಗಟ್ಟಿ ನರಿ ಮೆತ್ತಗಾಗತೈತಿ. ನಾವು ಸಲೂನಿನ್ಯಾಗ ಹಂಗ ಮಾಡ್ತೀವಿ. ಬಿಳಿ ಎಳಿಗಷ್ಟ ಹಚ್ರಿ, ಬಾಜೂಕಿನ ಕರಿ ಎಳಿಗೆ ತಾಗಿಸಬ್ಯಾಡ್ರಿ.

ಬಾಚಣಿಗೆ

ಅದು ಆಗುತ್ತದೆ. ಆದರೆ ಕನ್ನಡಿ ನೋಡಿಕೊಂಡು ಒಬ್ಬರೇ ಮಾಡುವಾಗ ಪಕ್ಕದ ಕಪ್ಪು ಎಳೆಗೆ ತಾಗದ ಹಾಗೆ ಹಚ್ಚುವುದು ಸುಲಭವಲ್ಲ, ತಾಗಿದರೆ ಅಲ್ಲೇ ಕೆಂಚು ಶುರು. ಮೊದಲು ನಾನು ಹೇಳಿದ್ದು ಮಾಡಿ ನೋಡಿ. ಹಿಡಿಯದಿದ್ದರೆ ಮದುವೆಗೆ ಹತ್ತು ದಿನ ಮುಂಚೆ ಹತ್ತಿರದ ಪಾರ್ಲರಿನಲ್ಲಿ ಅಣ್ಣ ಹೇಳಿದ ಹಾಗೆ ಆ ಒಂದು ಬೆರಳಗಲಕ್ಕೆ ಮಾತ್ರ ಮಾಡಿಸಿಕೊಳ್ಳಿ. 4.0 ಟ್ಯೂಬನ್ನು ನೀವೇ ಒಯ್ಯಿರಿ, ಇಲ್ಲದಿದ್ದರೆ ಅವರ ಹತ್ತಿರ ಇದ್ದದ್ದನ್ನು ಹಚ್ಚುತ್ತಾರೆ.

ಸಂಪಿಗೆ

ಈ ಭಾನುವಾರ ಹಚ್ಚುತ್ತೇನೆ. ನಾದಿನಿಯನ್ನು ಕೂರಿಸಿಕೊಂಡು, ಬಲಗಡೆ ಅವಳ ಕೈಯಲ್ಲೇ.